ಅಪ್ಪನ ಗೇಣಿಗದ್ದೆಯಲ್ಲಿ ಮಕ್ಕಳು ಉಳಬಹುದೇ?

"ಗೇಣಿ ಚೀಟು ಇದ್ದದ್ದು ನಿಮ್ಮ ಅಪ್ಪನ ಹೆಸರಿನಲ್ಲಿ. ಅವರೇ ಹೋದ ಮೇಲೆ ಗದ್ದೆಯನ್ನು ಧನಿಗಳಿಗೆ ಬಿಟ್ಟುಕೊಡುವುದು ಮರ್ಯಾದೆ." ಮನೆಯ ಯಜಮಾನ ತೀರಿಕೊಂಡು ಉತ್ತರಕ್ರಿಯೆ ಮುಗಿಯುವ ಮೊದಲೇ ಗೇಣಿದಾರರ ಅಂಗಳದಲ್ಲಿ ಇಂಥ ಮಾತು ಕೇಳಿಬರುತ್ತಿದ್ದ ಕಾಲವೊಂದಿತ್ತು. ಮಾತು ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಮಾತು ಕೊಟ್ಟವನು ಸತ್ತಮೇಲೆ ಮಾತು ಎಲ್ಲಿ ಉಳಿಯಿತು? ಎಷ್ಟೋ ವಿಧವೆಯರು, ಮೀಸೆ ಮೂಡದ ಎಷ್ಟೋ ಹುಡುಗರು ಇದನ್ನು ನಂಬಿ ಗದ್ದೆ ಬಿಟ್ಟು ಹೋದದ್ದೂ ಉಂಟು. ಆದರೆ ಕರ್ನಾಟಕದ ಕಾನೂನು ಹೇಳುವುದು ಇದರ ತದ್ವಿರುದ್ಧವನ್ನು.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರ 24ನೇ ಕಲಂ ತೀರ ಚಿಕ್ಕದು, ಒಂದೇ ವಾಕ್ಯದ್ದು. ಗೇಣಿದಾರ ಸತ್ತರೆ, ಅವನು ಸಾಯುವಾಗ ಯಾವ ಷರತ್ತುಗಳ ಮೇಲೆ ಭೂಮಿಯನ್ನು ಹೊಂದಿದ್ದನೋ ಅದೇ ಷರತ್ತುಗಳ ಮೇಲೆ ಭೂಮಾಲೀಕ ಅವನ ವಾರಸುದಾರರಿಗೆ ಗೇಣಿಯನ್ನು ಮುಂದುವರಿಸಿದ್ದಾನೆಂದು ಭಾವಿಸತಕ್ಕದ್ದು, ಎಂಬುದು ಅದರ ಸಾರ. ಇಲ್ಲಿ 'ಭಾವಿಸತಕ್ಕದ್ದು' ಎಂಬಲ್ಲಿಯೇ ಕಾಯ್ದೆಯ ಜಾಣತನವಿದೆ. ಧನಿ ನಿಜವಾಗಿ ಮುಂದುವರಿಸಿದನೋ ಇಲ್ಲವೋ, ಅವನಿಗೆ ಮನಸ್ಸಿತ್ತೋ ಇಲ್ಲವೋ ಎಂಬುದನ್ನು ಯಾರೂ ಕೇಳುವುದಿಲ್ಲ. ಅವನು ಒಪ್ಪಿದ್ದಾನೆ ಎಂದೇ ಕಾನೂನು ಲೆಕ್ಕ ಹಾಕುತ್ತದೆ. ಹೊಸ ಚೀಟು ಬರೆಯಿಸಬೇಕಿಲ್ಲ, ಹೊಸ ಮುಂಗಡ ಕೊಡಬೇಕಿಲ್ಲ. ಅಪ್ಪ ವರ್ಷಕ್ಕೆ ಹತ್ತು ಮುಡಿ ಅಕ್ಕಿ ಅಳೆಯುತ್ತಿದ್ದರೆ ಮಕ್ಕಳು ಅಳೆಯಬೇಕಾದ್ದೂ ಅದೇ ಹತ್ತು ಮುಡಿ.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ನೆರೆಯ ಮದ್ರಾಸಿನ 1955ರ ಸಾಗುವಳಿ ಗೇಣಿದಾರರ ರಕ್ಷಣಾ ಕಾಯ್ದೆಯೂ ವಾರಸುದಾರನಿಗೆ ರಕ್ಷಣೆ ಕೊಡುತ್ತದೆ. ಆದರೆ ಆ ವಾರಸುದಾರ ಸ್ವಂತ ಮೈದುಡಿಮೆಯಿಂದಲೋ ಮನೆಮಂದಿಯ ದುಡಿಮೆಯಿಂದಲೋ ಸಾಗುವಳಿಗೆ ಕೈಹಾಕುವವನಾಗಿರಬೇಕೆಂದು ಅದು ಕೇಳುತ್ತದೆ. ನಮ್ಮ 24ನೇ ಕಲಮಿನಲ್ಲಿ ಆ ಷರತ್ತಿಲ್ಲ. ಅದು ಬರೇ 'ವಾರಸುದಾರರು' ಎನ್ನುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು, ಮುಂಬೈಯ ಹೋಟೆಲಿನಲ್ಲಿ ದುಡಿಯುವ ಮಗ, ಇಬ್ಬರೂ ಆ ಮಾತಿನೊಳಗೆ ಬರುತ್ತಾರೆ. ಮುಂದೆ ಎಷ್ಟೋ ಮನೆಗಳು ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದೇ ಕಾರಣಕ್ಕೆ. ಅದಕ್ಕೆ ಆಮೇಲೆ ಬರೋಣ.

ಗೇಣಿದಾರನ ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವಾಗ ಮೊದಲು ನೋಡಬೇಕಾದ್ದು ಅಪ್ಪ ತೀರಿಕೊಂಡ ತಾರೀಕನ್ನು. ಏಕೆಂದರೆ 1974ರ ಮಾರ್ಚ್ 1ರಂದು ಈ ರಾಜ್ಯದ ಗೇಣಿಭೂಮಿಯ ಚರಿತ್ರೆ ಎರಡು ಹೋಳಾಯಿತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ ಜಾರಿಯಾದ ದಿನ ಅದು. ಆ ದಿನಕ್ಕೆ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿಯೆಲ್ಲ 44ನೇ ಕಲಮಿನ ಪ್ರಕಾರ ಧನಿಯ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಅದನ್ನು ಸರ್ಕಾರದಿಂದ ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಹಕ್ಕು 45ನೇ ಕಲಮಿನಲ್ಲಿ ಗೇಣಿದಾರನಿಗೆ ಬಂತು. ಅದಕ್ಕೆ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಕರಾವಳಿಯವರು ಈಗಲೂ 'ಡಿಕ್ಲರೇಶನ್ ಕೊಟ್ಟದ್ದು' ಎಂದು ಹೇಳುವುದು ಈ ಅರ್ಜಿಯನ್ನೇ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿಯನ್ನು ತೀರ್ಮಾನಿಸಲು ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಬಂದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಮಂಡಳಿ ಒಪ್ಪಿದರೆ ಹತ್ತನೇ ನಮೂನೆಯಲ್ಲಿ ಅಧಿಭೋಗದಾರಿಕೆಯ ಪ್ರಮಾಣಪತ್ರ ಬರುತ್ತಿತ್ತು. ಹಳ್ಳಿಯ ಬಾಯಲ್ಲಿ ಅದು 'ಫಾರಂ ಹತ್ತು'.

ಹಾಗಾಗಿ ಅಪ್ಪ 1974ರ ಮಾರ್ಚ್‌ಗೆ ಮುಂಚೆ ಸತ್ತಿದ್ದರೆ, ಆ ದಿನದ ಗೇಣಿದಾರರು ಅವನ ವಾರಸುದಾರರು. ಅರ್ಜಿ ಹಾಕಬೇಕಾದವರೂ ಅವರೇ. ಪಹಣಿಯಲ್ಲಿ ಆಗಲೂ ಸತ್ತವನ ಹೆಸರೇ ಇದ್ದಿರಬಹುದು. ಶ್ಯಾನುಭೋಗರು ವರ್ಷಾನುವರ್ಷ ಹಿಂದಿನ ಸಾಲನ್ನೇ ನಕಲು ಮಾಡುತ್ತಿದ್ದುದು ಹೊಸ ವಿಷಯವಲ್ಲ. ಅದರಿಂದ ಮಕ್ಕಳಿಗೆ ನಷ್ಟವಿಲ್ಲ, ಲಾಭವೇ. ಪಹಣಿಯ ಹನ್ನೆರಡನೇ ಕಾಲಮಿನಲ್ಲಿ ಸಾಗುವಳಿದಾರನೆಂದು ಅಪ್ಪನ ಹೆಸರಿದ್ದರೆ, ಬೇರೆಯದು ಸಾಬೀತಾಗುವವರೆಗೆ ಅದು ನಿಜವೆಂದೇ ಊಹಿಸಬೇಕೆಂದು 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಆದರೆ ಅರ್ಜಿಯನ್ನೂ ಸತ್ತ ಅಪ್ಪನ ಹೆಸರಿನಲ್ಲೇ ಬರೆಯಿಸಿ ಹಾಕಿದವರು ಪೇಚಿಗೆ ಸಿಕ್ಕಿದರು. ಅರ್ಜಿ ಬರೆದುಕೊಟ್ಟವನು ಪಹಣಿ ನೋಡಿ ಹೆಸರು ತುಂಬಿದ್ದ, ಅಮ್ಮ ಹೆಬ್ಬೆಟ್ಟು ಒತ್ತಿದ್ದಳು. ಸತ್ತವನು ಅರ್ಜಿದಾರನಾಗಲಾರ ಎಂದು ಧನಿಯ ಕಡೆಯವರು ಎದ್ದು ನಿಂತರು.

ಅಪ್ಪ ಅರ್ಜಿ ಹಾಕಿದ ಮೇಲೆ, ಮಂಡಳಿ ತೀರ್ಮಾನಿಸುವ ಮೊದಲು ಸತ್ತಿದ್ದರೆ ಅರ್ಜಿ ಸಾಯುವುದಿಲ್ಲ. ವಾರಸುದಾರರು ತಮ್ಮನ್ನು ದಾಖಲೆಗೆ ತರಬೇಕೆಂದು ಮಂಡಳಿಗೆ ಬರೆದುಕೊಟ್ಟು, ಅಪ್ಪನ ಜಾಗದಲ್ಲಿ ನಿಂತು ನಡೆಸಬೇಕು. ಇದನ್ನು ಮಾಡದೆ ಸತ್ತವನ ಹೆಸರಿನಲ್ಲೇ ಆದೇಶವಾದ ಕಡತಗಳು ಎಷ್ಟೋ ಇವೆ. ಧನಿ ಸತ್ತಿದ್ದು ಅವನ ವಾರಸುದಾರರಿಗೆ ನೋಟಿಸೇ ಹೋಗದ ಕಡತಗಳೂ ಇವೆ. ಅಂಥ ಆದೇಶ ಹೈಕೋರ್ಟಿಗೆ ಹೋದರೆ ರದ್ದಾಗಿ ಮತ್ತೆ ಮಂಡಳಿಗೇ ವಾಪಸು ಬರುತ್ತದೆ. ನಲವತ್ತು, ಐವತ್ತು ವರ್ಷದ ಹಿಂದಿನ ಅರ್ಜಿಗಳು ಇಂದಿಗೂ ಜೀವಂತವಿರುವುದಕ್ಕೆ ಇದು ದೊಡ್ಡ ಕಾರಣ. ಮೂರನೆಯದಾಗಿ, ಫಾರಂ ಹತ್ತು ಕೈಗೆ ಬಂದ ಮೇಲೆ ಅಪ್ಪ ಸತ್ತಿದ್ದರೆ ಅಲ್ಲಿ ಗೇಣಿಯ ಪ್ರಶ್ನೆಯೇ ಮುಗಿದಿದೆ. ಅದು ಅವನ ಆಸ್ತಿ, ಎಲ್ಲ ಆಸ್ತಿಯ ಹಾಗೆ ಪೌತಿ ಖಾತೆಯಾಗಿ ಮಕ್ಕಳಿಗೆ ಹೋಗುತ್ತದೆ.

ಮೂರರಲ್ಲಿ ಮೊದಲನೆಯದೇ ಹೆಚ್ಚು ತೊಡಕಿನದು. ಅದನ್ನು ಒಂದು ಕಲ್ಪಿತ ಕುಟುಂಬದ ಮೂಲಕ ನೋಡೋಣ. ಊರು ದಕ್ಷಿಣ ಕನ್ನಡದ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಅಳಿಯಸಂತಾನದ ಮನೆಯಲ್ಲ, ಮಕ್ಕಳಕಟ್ಟಿನ ಹಿಂದೂ ಕುಟುಂಬ. ಯಜಮಾನ 1955ರ ಸುಮಾರಿಗೆ ತಾನೇ ಧನಿಯಿಂದ ಒಂದೂವರೆ ಎಕರೆ, ಅಂದರೆ 150 ಸೆಂಟ್ಸ್ ಗದ್ದೆಯನ್ನು ಚಾಲಗೇಣಿಗೆ ಹಿಡಿದ. 1971ರಲ್ಲಿ ತೀರಿಕೊಂಡ. ಹೆಂಡತಿ, ಇಬ್ಬರು ಗಂಡುಮಕ್ಕಳು, 1968ರಲ್ಲಿ ಮದುವೆಯಾಗಿ ಹೋದ ಒಬ್ಬ ಮಗಳು. ಹಿರಿಯವನು ಉಳುಮೆ ಮುಂದುವರಿಸಿದ, ಕಿರಿಯವನು ಹುಬ್ಬಳ್ಳಿಯ ಹೋಟೆಲು ಸೇರಿದ. 1974ರಲ್ಲಿ ಹಿರಿಯವನು ತನ್ನೊಬ್ಬನ ಹೆಸರಿನಲ್ಲಿ ಏಳನೇ ನಮೂನೆ ಹಾಕಿದ. ಮಂಡಳಿಯ ಮುಂದೆ ಧನಿ ಹೆಚ್ಚು ತಕರಾರು ತೆಗೆಯಲಿಲ್ಲ. ಕೈಯಲ್ಲಿ ಅಪ್ಪನ ಕಾಲದ ಗೇಣಿ ರಶೀದಿಗಳಿದ್ದವು, ಪಹಣಿಯಲ್ಲಿ ಅಪ್ಪನ ಹೆಸರಿತ್ತು. 1981ರಲ್ಲಿ ಆದೇಶವಾಯಿತು, ಫಾರಂ ಹತ್ತು ಹಿರಿಯವನ ಹೆಸರಿಗೆ ಬಂತು. ಸರ್ಕಾರಕ್ಕೆ ಕಟ್ಟಬೇಕಾದ ಹಣವನ್ನೂ ಅವನೇ ಕಟ್ಟಿದ. 1988ರಲ್ಲಿ ಅಮ್ಮ ಹೋದಳು. ಆಮೇಲೆ ಗದ್ದೆ ಅಡಿಕೆ ತೋಟವಾಯಿತು. ಸೆಂಟ್ಸಿನ ಲೆಕ್ಕದಲ್ಲಿ ಬೆಲೆ ಏರಿದಾಗ ಕಿರಿಯವನು ಊರಿಗೆ ಬಂದು ಪಾಲು ಕೇಳಿದ.

ಹಿರಿಯವನ ಉತ್ತರ ಎಲ್ಲ ಹಿರಿಯಣ್ಣಂದಿರ ಉತ್ತರವೇ. "ಉತ್ತವನು ನಾನು, ಡಿಕ್ಲರೇಶನ್ ಕೊಟ್ಟವನು ನಾನು, ಹಣ ಕಟ್ಟಿದವನು ನಾನು. ಫಾರಂ ಹತ್ತರಲ್ಲಿ ನಿನ್ನ ಹೆಸರು ಎಲ್ಲಿದೆ, ತೋರಿಸು." ಉಳುವವನೇ ಹೊಲದೊಡೆಯ ಎಂಬ ಆ ಕಾಲದ ಘೋಷಣೆಯೂ ಅವನ ಬೆನ್ನಿಗಿದೆ.

ಕಾನೂನು ಅವನನ್ನು ಕೇಳುವ ಪ್ರಶ್ನೆ ಒಂದೇ. 1974ರ ಮಾರ್ಚ್ 1ರಂದು ನೀನು ಯಾವ ಹಕ್ಕಿನಿಂದ ಗದ್ದೆಯಲ್ಲಿದ್ದೆ? ಧನಿಯಿಂದ ನೀನೇ ಹೊಸದಾಗಿ ಗೇಣಿಗೆ ಹಿಡಿದೆಯಾ, ಅಪ್ಪನ ಗೇಣಿ ನಿನಗೆ ಇಳಿದು ಬಂತೇ? ಅವನು ಮಂಡಳಿಯ ಮುಂದೆ ಹಾಜರು ಮಾಡಿದ ರಶೀದಿಗಳು ಅಪ್ಪನವು. ಹೇಳಿಕೆಯಲ್ಲಿ 'ನಮ್ಮ ತಂದೆಯ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದಿದ್ದೇವೆ' ಎಂದು ತಾನೇ ಬರೆಸಿದ್ದಾನೆ. ಹಾಗಿದ್ದರೆ 1971ರಲ್ಲಿ ಅಪ್ಪ ಸತ್ತ ಗಳಿಗೆಗೆ ಗೇಣಿಹಕ್ಕು 24ನೇ ಕಲಮಿನ ಪ್ರಕಾರ ಇಳಿದದ್ದು ನಾಲ್ವರಿಗೆ. ಸಹವಾರಸುದಾರರಲ್ಲಿ ಒಬ್ಬ ಭೂಮಿಯಲ್ಲಿದ್ದರೆ ಅವನು ಎಲ್ಲರ ಪರವಾಗಿ ಇದ್ದಾನೆಂದೇ ಅರ್ಥ. ಅವನು ಹಾಕಿದ ಅರ್ಜಿಯೂ, ಅವನ ಹೆಸರಿಗೆ ಬಂದ ಪ್ರಮಾಣಪತ್ರವೂ ಎಲ್ಲರ ಬಾಬ್ತಿನದು. ಕರ್ನಾಟಕ ಹೈಕೋರ್ಟು ಇದನ್ನು ಮತ್ತೆ ಮತ್ತೆ ಹೇಳಿದೆ. ಮಂಡಳಿ ನೋಡುವುದು ಈ ಭೂಮಿ ಗೇಣಿಯದೇ, ಧನಿಗೆ ಎದುರಾಗಿ ಗೇಣಿದಾರ ಯಾರು ಎಂಬುದನ್ನು. ಮನೆಯೊಳಗೆ ಅದು ಯಾರ ಯಾರ ಪಾಲು ಎಂಬುದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು.

ಇನ್ನು ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅಪ್ಪ ತಾನೇ ಹಿಡಿದ ಗೇಣಿಯಾದ್ದರಿಂದ ಹೆಂಡತಿ ಮತ್ತು ಮೂರು ಮಕ್ಕಳಿಗೆ ಸಮಪಾಲು. 150 ಸೆಂಟ್ಸಿನಲ್ಲಿ ತಲಾ ಮೂವತ್ತೇಳೂವರೆ. 1988ರಲ್ಲಿ ಅಮ್ಮ ಉಯಿಲು ಬರೆಯದೆ ತೀರಿಕೊಂಡದ್ದರಿಂದ ಅವಳ ಮೂವತ್ತೇಳೂವರೆ ಮತ್ತೆ ಮೂವರಿಗೆ ಹಂಚಿಹೋಗುತ್ತದೆ, ತಲಾ ಹನ್ನೆರಡೂವರೆ. ಅಲ್ಲಿಗೆ ಒಬ್ಬೊಬ್ಬರಿಗೆ 50 ಸೆಂಟ್ಸ್. ಹಿರಿಯವನು ಕಟ್ಟಿದ ಹಣವನ್ನೂ, ಅಡಿಕೆ ಸಸಿಗೆ, ಬಾವಿಗೆ ಹಾಕಿದ ಖರ್ಚನ್ನೂ ಅವನು ಲೆಕ್ಕದಲ್ಲಿ ಕೇಳಬಹುದು. ಪಾಲು ಮಾಡುವಾಗ ಅವನು ಎಬ್ಬಿಸಿದ ತೋಟದ ಭಾಗವನ್ನೇ ಅವನಿಗೆ ಕೊಡುವಂತೆಯೂ ಕೇಳಬಹುದು. ಆದರೆ ಖರ್ಚು ಹಾಕಿದ್ದರಿಂದ ತಮ್ಮ, ತಂಗಿಯರ ಹಕ್ಕು ಅಳಿಸಿಹೋಗುವುದಿಲ್ಲ.

ಕಿರಿಯವನು ದಾವೆ ಹೂಡುವಾಗ ಸಾಮಾನ್ಯವಾಗಿ ಮರೆಯುವುದು ಅಕ್ಕನನ್ನು, ಕೆಲವೊಮ್ಮೆ ಬೇಕೆಂದೇ ಮರೆಯುವುದೂ ಉಂಟು. ವಿಭಾಗದ ದಾವೆಗೆ ಎಲ್ಲ ಪಾಲುದಾರರೂ ಬೇಕು. ಅಕ್ಕನನ್ನು ಬಿಟ್ಟು ಅರ್ಧ ಅರ್ಧ ಎಂದು ಅಣ್ಣತಮ್ಮಂದಿರು ಮಾಡಿಕೊಂಡ ಒಪ್ಪಂದ ಅವಳನ್ನು ಕಟ್ಟಿಹಾಕುವುದಿಲ್ಲ. 'ಅವಳು ಗದ್ದೆಗೆ ಕಾಲಿಟ್ಟವಳಲ್ಲ' ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂಬುದು 24ನೇ ಕಲಮನ್ನು ಓದಿದರೆ ತಿಳಿಯುತ್ತದೆ. ಮದುವೆಯ ಖರ್ಚು, ಹಾಕಿದ ಚಿನ್ನ ಇವೆಲ್ಲ ಅಂಗಳದ ಪಂಚಾಯಿತಿಕೆಗೆ ಸರಿ. ಅವಳು ಹಕ್ಕು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು.

ಹಿರಿಯವನಿಗೆ ಗೆಲ್ಲುವ ದಾರಿಯೇ ಇಲ್ಲವೆಂದಲ್ಲ. ಅಪ್ಪ ಬದುಕಿದ್ದಾಗಲೇ ಗೇಣಿ ಬಿಟ್ಟುಕೊಟ್ಟಿದ್ದು, ಆಮೇಲೆ ಧನಿ ಹಿರಿಯವನಿಗೇ ಬೇರೆಯಾಗಿ ಗೇಣಿಗೆ ಕೊಟ್ಟಿದ್ದರೆ, ಅದಕ್ಕೆ ಅವನ ಹೆಸರಿನ ಚೀಟು, ಅವನ ಹೆಸರಿನ ರಶೀದಿ ಇದ್ದರೆ, ಅದು ಅವನೊಬ್ಬನ ಗೇಣಿ. ಆದರೆ ಗೇಣಿ ಬಿಡುವುದಕ್ಕೂ ಕಾಯ್ದೆ ವಿಧಾನವೊಂದನ್ನು ಇಟ್ಟಿತ್ತು. ಬಾಯಿಮಾತಿನಲ್ಲಿ ಬಿಟ್ಟರಂತೆ ಎಂದರೆ ಸಾಲದು. ಇನ್ನೊಂದು ದಾರಿ ಕಾಲಮಿತಿಯದು. ಪಾಲಿನಿಂದ ತನ್ನನ್ನು ಹೊರಗಿಟ್ಟಿದ್ದಾರೆಂದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. ಬರೇ ಫಾರಂ ಹತ್ತು ಅಣ್ಣನ ಹೆಸರಿಗೆ ಬಂತು ಎಂಬುದು ಹೊರಗಿಟ್ಟದ್ದಾಗುವುದಿಲ್ಲ. 'ನಿನಗೆ ಇದರಲ್ಲಿ ಏನೂ ಇಲ್ಲ' ಎಂದು ಬಾಯಿಬಿಟ್ಟು ಹೇಳಿದ್ದೋ, ವಕೀಲರ ನೋಟಿಸಿಗೆ ಹಾಗೆಂದು ಉತ್ತರ ಬರೆದದ್ದೋ ಇರಬೇಕು. ಅಂಥ ಉತ್ತರವೊಂದು ಕೈಗೆ ಬಂದರೆ ಅದರ ತಾರೀಕನ್ನು ತಮ್ಮ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೂರನೆಯ ಸಾಧ್ಯತೆಯೂ ಇದೆ. ತಮ್ಮನೂ 1974ರಲ್ಲಿ ಬೇರೆ ಅರ್ಜಿ ಹಾಕಿದ್ದು, ಮಂಡಳಿ ಅವನದನ್ನು ವಜಾ ಮಾಡಿ ಅಣ್ಣನದನ್ನು ಮಾತ್ರ ಒಪ್ಪಿದ್ದರೆ, ಆ ಆದೇಶವನ್ನು ಹಾಗೇ ಬಿಟ್ಟು ನೇರ ಸಿವಿಲ್ ಕೋರ್ಟಿಗೆ ಹೋಗುವುದು ಕಷ್ಟ. ಮೊದಲು ಆ ಆದೇಶವನ್ನೇ ಎದುರಿಸಬೇಕಾಗುತ್ತದೆ.

ಇದೇ ಗೇಣಿ ಅಪ್ಪನದಲ್ಲದೆ ಅಜ್ಜನ ಕಾಲದಿಂದ ಅವಿಭಕ್ತ ಕುಟುಂಬಕ್ಕೆ ಬಂದದ್ದಾಗಿದ್ದರೆ ಲೆಕ್ಕ ಬದಲಾಗುತ್ತಿತ್ತು. 1971ರ ಕಾನೂನಿನಂತೆ ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಪಾಲು, ಆಮೇಲೆ ಅಪ್ಪನ ಪಾಲು ಮಾತ್ರ ನಾಲ್ವರಿಗೆ. ಮಗಳಿಗೆ ಬರುತ್ತಿದ್ದದ್ದು ಹನ್ನೆರಡೂವರೆ ಸೆಂಟ್ಸ್, ಅಮ್ಮನ ಕಡೆಯಿಂದ ಇನ್ನು ನಾಲ್ಕು ಚಿಲ್ಲರೆ. 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿತು. ಆ ತಿದ್ದುಪಡಿ ಬರುವಾಗ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾದ ವಿಭಾಗವಾಗಿರದಿದ್ದರೆ ಈ ಮನೆಯ ಮಗಳೂ ಸಮಪಾಲು ಕೇಳಬಹುದು. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ 'ವಾರಸುದಾರರು' ಯಾರು, ಎಷ್ಟೆಷ್ಟು ಎಂಬುದು ಅವರವರ ಉತ್ತರಾಧಿಕಾರದ ಕಾನೂನಿನಂತೆ. ಗೇಣಿ ಇಳಿಯುತ್ತದೆ ಎಂಬುದು ಎಲ್ಲರಿಗೂ ಒಂದೇ, ಪಾಲಿನ ಪ್ರಮಾಣ ಮಾತ್ರ ಬೇರೆ.

ಪಾಲು ಮಾಡಿಕೊಳ್ಳಬಹುದೆಂದು ಕಾಯ್ದೆಯೇ 21ನೇ ಕಲಮಿನಲ್ಲಿ ಹೇಳಿದೆ, ಆದರೆ ಅದು ಹೇಳುವ ರೀತಿ ವಿಚಿತ್ರ. ಗೇಣಿಭೂಮಿಯನ್ನು ತುಂಡು ಮಾಡಬಾರದು, ಒಳಗೇಣಿಗೆ ಕೊಡಬಾರದು, ಅದರ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬಾರದು ಎಂದು ಮೊದಲು ಬಾಗಿಲು ಮುಚ್ಚುತ್ತದೆ. ಗೇಣಿದಾರ ಸತ್ತರೆ ಮಾತ್ರ ಅವನ ಅವಿಭಕ್ತ ಕುಟುಂಬದವರು, ಅಂಥ ಕುಟುಂಬವಿಲ್ಲದಿದ್ದರೆ ಅವನ ವಾರಸುದಾರರು, ಹಂಚಿಕೊಳ್ಳಬಹುದೆಂದು ಒಂದು ಕಿಟಕಿ ತೆರೆಯುತ್ತದೆ.

ಈ ಕಿಟಕಿಯಿಂದ ಉಯಿಲು ತೂರಬಲ್ಲುದೇ? ಮಕ್ಕಳಿಲ್ಲದ ಗೇಣಿದಾರ ತನ್ನನ್ನು ನೋಡಿಕೊಂಡ ದೂರದ ಹುಡುಗನಿಗೆ ಗೇಣಿಹಕ್ಕನ್ನು ಬರೆದುಕೊಟ್ಟ, ಮಕ್ಕಳೊಡನೆ ಮುನಿಸಿಕೊಂಡ ಮುದುಕ ಬೇರೆಯವರಿಗೆ ಬರೆದ ಎಂಬಂಥ ಕಡತಗಳು ಕೋರ್ಟುಗಳಲ್ಲಿ ಸಾಕಷ್ಟಿದ್ದವು. ಜಮಖಂಡಿಯ ಭೂನ್ಯಾಯ ಮಂಡಳಿಯಿಂದ ಹೊರಟ ಅಂಥದೊಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1998ರಲ್ಲಿ ತೀರ್ಮಾನವಾಯಿತು. ಬದುಕಿರುವಾಗ ಯಾವುದನ್ನು ವಹಿಸಿಕೊಡಲಾಗದೋ ಅದನ್ನು ಉಯಿಲಿನ ಮೂಲಕ ಹೊರಗಿನವರಿಗೆ ಕೊಡಲೂ ಆಗದು, ಗೇಣಿ ಹೋಗುವುದು ವಾರಸುದಾರರಿಗೇ, ಎಂಬುದು ಆ ತೀರ್ಪಿನ ತಿರುಳು. ಫಾರಂ ಹತ್ತು ಸಿಕ್ಕಿದ ಮೇಲೂ 15 ವರ್ಷ ಆ ಭೂಮಿಯನ್ನು ಮಾರುವಂತಿಲ್ಲ, ವಹಿಸಿಕೊಡುವಂತಿಲ್ಲ, ಕುಟುಂಬದೊಳಗೆ ಪಾಲು ಮಾತ್ರ ಮಾಡಿಕೊಳ್ಳಬಹುದು ಎಂದು 61ನೇ ಕಲಂ ಹೇಳುತ್ತದೆ. ಆ 15 ವರ್ಷದೊಳಗಿನ ಉಯಿಲಿಗೂ ಇದೇ ತರ್ಕ ಸಲ್ಲುತ್ತದೆಂದು 2004ರಲ್ಲಿ ಅದೇ ಕೋರ್ಟು ಹೇಳಿತು. ಮುಪ್ಪಿನಲ್ಲಿ ಗಂಜಿ ಕೊಟ್ಟವನಿಗೆ ಇದರಿಂದ ಅನ್ಯಾಯವಾಯಿತು ಎಂದು ಅನ್ನಿಸಬಹುದು, ಕೆಲವು ಕಡೆ ಆಗಿಯೂ ಇದೆ. ಆದರೆ ಉಯಿಲಿಗೆ ದಾರಿ ಬಿಟ್ಟಿದ್ದರೆ ಎಷ್ಟು ಧನಿಗಳು ಹಾಸಿಗೆ ಹಿಡಿದ ಒಕ್ಕಲಿನವನ ಹೆಬ್ಬೆಟ್ಟನ್ನು ಉಯಿಲಿನ ಕೆಳಗೆ ಒತ್ತಿಸಿಕೊಳ್ಳುತ್ತಿದ್ದರು ಎಂದು ಯೋಚಿಸಿದರೆ, ಕೋರ್ಟು ಬಾಗಿಲು ಮುಚ್ಚಿದ್ದೇ ಸರಿಯೆನಿಸುತ್ತದೆ.

ಅಜ್ಜನ ಅರ್ಜಿ ಇನ್ನೂ ತೀರ್ಮಾನವಾಗದೆ ಬಿದ್ದಿರುವ, ಅಥವಾ ಏನಾಯಿತೆಂದೇ ಗೊತ್ತಿಲ್ಲದ ಮನೆಗಳು ಮೊದಲು ಮಾಡಬೇಕಾದ ಕೆಲಸ ಕಡತ ಹುಡುಕುವುದು. ತಾಲೂಕು ಕಚೇರಿಯ ಭೂಸುಧಾರಣೆ ಶಾಖೆಗೋ ಅಭಿಲೇಖಾಲಯಕ್ಕೋ ಅರ್ಜಿ ಕೊಟ್ಟು ಏಳನೇ ನಮೂನೆಯ, ಮಂಡಳಿಯ ಆದೇಶದ ದೃಢೀಕೃತ ನಕಲು ತೆಗೆಸಬೇಕು. ಕೈಗೆ ಬಂದ ಕೂಡಲೇ ನೋಡಬೇಕಾದ್ದು ಸರ್ವೆ ನಂಬರುಗಳ ಕಾಲಮನ್ನು. ಮೂರು ತುಂಡು ಗದ್ದೆ ಮಾಡುತ್ತಿದ್ದ ಅಜ್ಜ ಅರ್ಜಿಯಲ್ಲಿ ಎರಡನ್ನೇ ಬರೆಸಿರುತ್ತಾನೆ. ಮೂರನೆಯದಕ್ಕೆ ಆದೇಶವೂ ಇಲ್ಲ, ಮನೆಯವರು ಮಾತ್ರ ಎಲ್ಲವೂ ಡಿಕ್ಲರೇಶನ್‌ನಲ್ಲಿ ಬಂದದ್ದೆಂದು ನಂಬಿರುತ್ತಾರೆ. ಆಮೇಲೆ 1969ರಿಂದ 1974ರವರೆಗಿನ ಪಹಣಿಗಳನ್ನು ತೆಗೆಸಿ ಹನ್ನೆರಡನೇ ಕಾಲಮಿನಲ್ಲಿ ಯಾರ ಹೆಸರಿದೆ, ಗೇಣಿ ಎಂದಿದೆಯೇ, 'ಸ್ವಂತ' ಎಂದಿದೆಯೇ ನೋಡಬೇಕು. 'ಸ್ವಂತ' ಎಂದು ಧನಿಯ ಹೆಸರಿದ್ದರೆ ಸೋತೇಹೋಯಿತೆಂದಲ್ಲ. ಗೇಣಿ ರಶೀದಿ, ಹಳೆಯ ಪತ್ರ, ಧನಿಯ ಮನೆಯ ಗೇಣಿ ಲೆಕ್ಕದ ಪುಸ್ತಕ, ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಇವುಗಳಿಂದ ಅದನ್ನು ಮುರಿಯಬೇಕು. ಅಕ್ಕಪಕ್ಕದವರು ಎಂಬತ್ತು ದಾಟಿರುವ ಈ ಕಾಲದಲ್ಲಿ ಕಾಗದವೇ ಹೆಚ್ಚು ಗಟ್ಟಿ. ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಎಲ್ಲ ವಾರಸುದಾರರೂ ಒಟ್ಟಿಗೆ ದಾಖಲೆಗೆ ಬರುವುದು ಜಾಣತನ. ಒಬ್ಬರನ್ನು ಬಿಟ್ಟು ಪಡೆದ ಆದೇಶ ನಾಳೆ ಅವರ ಮಕ್ಕಳಿಂದಲೇ ಮುರಿಯುತ್ತದೆ.

ಇಷ್ಟೆಲ್ಲ ಹೇಳಿದ್ದು 1974ಕ್ಕೆ ಮುಂಚಿನ ಗೇಣಿಯ ಮಾತು. ನಿನ್ನೆ ಮೊನ್ನೆ ಲಾವಣಿಗೋ ಕೋರಿಗೋ ಹೊಲ ಹಿಡಿದ ರೈತ ಸತ್ತರೆ ಅವನ ಮಕ್ಕಳಿಗೆ ಏನುಂಟು? ಕಾನೂನಿನಲ್ಲಿ ಬಹುತೇಕ ಏನೂ ಇಲ್ಲ. 1974ರ ತಿದ್ದುಪಡಿ ಇದ್ದ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಜೊತೆಗೆ 5ನೇ ಕಲಮಿನಲ್ಲಿ ಮುಂದೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. 2020ರಲ್ಲಿ ಕೃಷಿಕರಲ್ಲದವರೂ ಭೂಮಿ ಕೊಳ್ಳಬಹುದೆಂದು ಕಾಯ್ದೆ ಸಡಿಲವಾದಾಗಲೂ ಈ ನಿಷೇಧ ಹಾಗೇ ಉಳಿಯಿತು. ಹೊಲಗಳೇನೂ ಗೇಣಿಗೆ ಹೋಗುವುದು ನಿಂತಿಲ್ಲ, ಕಾಗದ ಮಾತ್ರ ನಿಂತಿತು. ಕಾನೂನು ಗುರುತಿಸದ ಗೇಣಿಗೆ 24ನೇ ಕಲಮಿನ ಆಸರೆಯಿಲ್ಲ. ಹನ್ನೊಂದು ತಿಂಗಳ ಕರಾರು, ನೂರು ರೂಪಾಯಿ ಛಾಪಾಕಾಗದ ಏನೇ ಇದ್ದರೂ ಮಕ್ಕಳು ಅದನ್ನು ಹಿಡಿದು ಭೂನ್ಯಾಯ ಮಂಡಳಿಗೆ ಹೋಗುವಂತಿಲ್ಲ. ಹತ್ತು ವರ್ಷ ಉತ್ತಿದ್ದೇವೆ ಎಂದರೂ ಅಷ್ಟೇ, ಇಪ್ಪತ್ತು ವರ್ಷ ಎಂದರೂ ಅಷ್ಟೇ.

ಉಳಿಯುವುದು ಹೊಲದಲ್ಲಿ ನಿಂತ ಬೆಳೆಯ ಪ್ರಶ್ನೆ. ಜುಲೈನಲ್ಲಿ ಹತ್ತಿ ಬಿತ್ತಿದ ಅಪ್ಪ ಸೆಪ್ಟೆಂಬರಿನಲ್ಲಿ ಹೋದರೆ ಬಿಡಿಸುವವರು ಯಾರು? ಅವಧಿ ಗೊತ್ತಿಲ್ಲದ ಗೇಣಿ ಗೇಣಿದಾರನ ತಪ್ಪಿಲ್ಲದೆ ಮುಗಿದರೆ, ಅವನು ಬಿತ್ತಿ ನಿಂತಿರುವ ಬೆಳೆಯನ್ನು ಕೊಯ್ದು ಒಯ್ಯುವ ಹಕ್ಕು ಅವನ ಪ್ರತಿನಿಧಿಗಳಿಗೂ ಇದೆ ಎಂದು 1882ರ ಆಸ್ತಿ ಹಸ್ತಾಂತರ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಆದರೆ ಅದೇ ಕಾಯ್ದೆಯ 117ನೇ ಕಲಂ ಕೃಷಿ ಗೇಣಿಗಳನ್ನು ಆ ಅಧ್ಯಾಯದಿಂದಲೇ ಹೊರಗಿಟ್ಟಿದೆ. ಅದರ ಮೇಲೆ ಈ ಗೇಣಿಯೇ ನಿಷೇಧಿತ. ನ್ಯಾಯದ ಮಾತಾಗಿ ಅದನ್ನು ಎತ್ತಬಹುದೇ ಹೊರತು ಹಕ್ಕಾಗಿ ಒತ್ತಿ ಹೇಳುವುದು ಕಷ್ಟ. ಹೆಚ್ಚಿನ ಕಡೆ ಊರ ಹಿರಿಯರ ಮುಂದೆ ಕೂತು, ಈ ಬೆಳೆ ಮಕ್ಕಳು ಕೊಯ್ಯಲಿ, ಲಾವಣಿಯ ಬಾಕಿ ಇಷ್ಟು ಕೊಡಲಿ, ಯುಗಾದಿಗೆ ಹೊಲ ಬಿಡಲಿ ಎಂದು ಬಗೆಹರಿಸಿಕೊಳ್ಳುತ್ತಾರೆ. ಅದನ್ನು ಒಂದು ಹಾಳೆಯ ಮೇಲೆ ಬರೆದು ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಂಡರೆ ಒಳ್ಳೆಯದು. ಅದು ಗೇಣಿಯ ಕಾಗದವಾಗುವುದಿಲ್ಲ. ಅಪ್ಪ ಗೊಬ್ಬರದ ಅಂಗಡಿಯಲ್ಲಿ ಮಾಡಿಟ್ಟ ಸಾಲ ಮಕ್ಕಳ ಬೆನ್ನಿಗೆ ಬಂದಾಗ ಬೆಳೆ ಯಾರ ಪಾಲಾಯಿತು ಎಂಬುದಕ್ಕೆ ಅದಾದರೂ ಒಂದು ದಾಖಲೆ. ಬೆಳೆ ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿರುವವನ ಖಾತೆಗೇ ಹೋಗುತ್ತದೆ. ಅದನ್ನೂ ಹಾಳೆಯಲ್ಲಿ ಒಂದು ಸಾಲು ಸೇರಿಸಿಕೊಂಡರೆ ಆಮೇಲಿನ ಒಂದು ಜಗಳವಾದರೂ ಉಳಿದೀತು.